ಅಡ್ಡಗೆರೆಯ ಮೇಲೆ ಬರೆದ ಬೆಲೆ

ಡೊಂಬಿವಲಿಯ ಆ ಕಾಲೇಜಿಗೆ ನಾನು ಹೋದದ್ದು ಮಾಡರೇಟರ್ ಆಗಿ. ಒಬ್ಬರು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಕೆಲವನ್ನು ಇನ್ನೊಬ್ಬರು ಮತ್ತೆ ಓದಿ, ಅಂಕ ಕೊಟ್ಟದ್ದು ಸರಿಯೋ ತಪ್ಪೋ ಎಂದು ನೋಡಬೇಕು. ಹೊರಗಿನ ಕಾಲೇಜಿನವರು ಮಾಡಿದರೆ ಒಳ್ಳೆಯದು ಎಂದು ಠಾಣೆಯಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನನ್ನು ಕರೆಸಿದ್ದರು. ದೀಪಾವಳಿ ಮುಗಿದಿತ್ತು. ಬೆಳಗಿನ ಹೊತ್ತು ಮುಂಬಯಿ ಕಡೆಗೆ ಹೋಗುವ ಗಾಡಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಠಾಣೆಯಿಂದ ಡೊಂಬಿವಲಿ, ಕಲ್ಯಾಣದ ಕಡೆ ಹೋಗುವವರಿಗೆ ಮಾತ್ರ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ನೌಪಾಡಾದ ಮನೆಯಲ್ಲಿ ತಿಂಡಿ ಮುಗಿಸಿ ಹೊರಟವಳು ಆರಾಮವಾಗಿ ಕೂತುಕೊಂಡು ಹೋದೆ. ಹೋಗುವಾಗ ಒಂದು ಖುಷಿಯೂ ಇತ್ತು. ಆ ಕಾಲೇಜಿನಲ್ಲಿ ಆ ವರ್ಷ ಹೊಸದಾಗಿ ಸೇರಿದ್ದ ಉಪನ್ಯಾಸಕಿ ನನ್ನ ಹಳೆಯ ವಿದ್ಯಾರ್ಥಿನಿ.

ಅವಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅವಳ ತಂದೆ ವಿಜಯಪುರದ ಕಡೆಯವರು. ಠಾಣೆಯ ಆಚೆಯ ಘಣಸೋಲಿಯಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದಾಗ ಬಂದು, ಕಟ್ಟಡಗಳಿಗೆ ಸೆಂಟರಿಂಗ್ ಹಲಗೆ ಕಟ್ಟುವ ಕೆಲಸ ಹಿಡಿದು, ಅಲ್ಲೇ ಹಳೆಯ ಊರಿನ ಒಂದು ಚಾಳಿನಲ್ಲಿ ಸಂಸಾರ ಹೂಡಿದವರು. ಅವಳು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನ ಕಾಲೇಜಿಗೆ ಬಂದಾಗ ಇಂಗ್ಲಿಷ್ ಕೇಳಿದರೆ ತಲೆ ತಗ್ಗಿಸುತ್ತಿದ್ದಳು, ಆದರೆ ಬರೆಯುವುದನ್ನು ನಿಲ್ಲಿಸುತ್ತಿರಲಿಲ್ಲ. ಏನು ಬರೆಯುತ್ತಾಳೆ ಎಂದು ಒಂದು ದಿನ ಬಗ್ಗಿ ನೋಡಿದೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡಿದ್ದಳು. ಇಂಗ್ಲಿಷ್ ಮಾತು ಹಾಗೇ, ಅದರ ಪಕ್ಕ ಕನ್ನಡದಲ್ಲಿ ತನ್ನದೇ ಅರ್ಥ. ಅವತ್ತು ತರಗತಿ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು ಕನ್ನಡದಲ್ಲಿ ಮಾತಾಡಿಸಿದೆ. ನನ್ನದು ಉಡುಪಿಯ ಕನ್ನಡ, ಅದೂ ಮನೆಯಲ್ಲಿ ತುಳು ಮಾತಾಡಿ ಮಾತಾಡಿ ಬಾಗಿದ ಕನ್ನಡ. ಅವಳದು ವಿಜಯಪುರದ್ದು. ಮೊದಲ ಕೆಲವು ದಿನ ಇಬ್ಬರೂ ಒಬ್ಬರನ್ನೊಬ್ಬರು "ಆಂ?" ಎಂದು ಕೇಳಿದ್ದೇ ಹೆಚ್ಚು. ಆಮೇಲೆ ವಾರದಲ್ಲಿ ಎರಡು ಮೂರು ಸಲ ಖಾಲಿ ತರಗತಿಯಲ್ಲಿ ಕೂತು ನಾವು ಪಾಠವನ್ನು ಕನ್ನಡದಲ್ಲಿ ಮತ್ತೊಮ್ಮೆ ಮಾಡಿಕೊಳ್ಳುವುದು ರೂಢಿಯಾಯಿತು.

ಬೆಲೆ ಬದಲಾದಾಗ ಬೇಡಿಕೆಯ ರೇಖೆಯ ಮೇಲೇ ನಾವು ಮೇಲೆ ಕೆಳಗೆ ಹೋಗುತ್ತೇವೆ; ಬೆಲೆ ಬಿಟ್ಟು ಬೇರೆ ಕಾರಣ ಬಂದಾಗ, ಅಂದರೆ ಹಬ್ಬ ಬಂತು, ಸಂಬಳ ಹೆಚ್ಚಿತು, ಆಗ ಇಡೀ ರೇಖೆಯೇ ಸರಿಯುತ್ತದೆ. ಈ ವ್ಯತ್ಯಾಸ ಮೊದಲ ವರ್ಷದ ಮಕ್ಕಳಿಗೆ ಎಷ್ಟು ಹೇಳಿದರೂ ಹತ್ತುವುದಿಲ್ಲ. ಹಾಗೆ ಇಬ್ಬರೇ ಕೂತಿದ್ದ ಒಂದು ದಿನ ಅವಳು ಹಲಗೆ ನೋಡಿ ಹೇಳಿದ್ದಳು:

"ಅಂದ್ರ ಮೇಡಂ, ಗೆರಿ ಮ್ಯಾಲ ನಾವ್ ಅಡ್ಡಾಡೂದು ಬ್ಯಾರೆ, ಗೆರಿನ ಎದ್ದು ಹೋಗೂದು ಬ್ಯಾರೆ. ಹೌದಿಲ್ರಿ?"

ಅಂದಿನಿಂದ ಇಂದಿನವರೆಗೆ ನಾನು ಆ ಪಾಠವನ್ನು ಅವಳ ಮಾತಿನಿಂದಲೇ ಶುರು ಮಾಡುತ್ತೇನೆ. ಮರಾಠಿಗೂ ಹಿಂದಿಗೂ ಅದು ಸಲೀಸಾಗಿ ಹೋಗುತ್ತದೆ.

ಅವಳು ಎಂ.ಎ. ಮುಗಿಸಿದಳು, ಉಪನ್ಯಾಸಕರಿಗೆ ಬೇಕಾದ ನೆಟ್ ಪರೀಕ್ಷೆ ಪಾಸಾದಳು, ಡೊಂಬಿವಲಿಯಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದಳು. ತಾತ್ಕಾಲಿಕವೆಂದರೆ ವರ್ಷ ವರ್ಷ ಮತ್ತೆ ಅರ್ಜಿ, ಮತ್ತೆ ಸಂದರ್ಶನ. ಮುಂದಿನ ವರ್ಷ ಇರಬೇಕೋ ಬೇಡವೋ ಎನ್ನುವುದು ಬಹುಮಟ್ಟಿಗೆ ವಿಭಾಗದ ಮುಖ್ಯಸ್ಥರ ಮಾತಿನ ಮೇಲೆ ನಿಂತಿರುತ್ತದೆ.

ಆ ಮುಖ್ಯಸ್ಥರನ್ನು ನಾನು ಹಿಂದಿನಿಂದ ಬಲ್ಲೆ. ಮರಾಠಿ ಮಾತಿನವರು, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರು, ಸ್ವಲ್ಪ ಮುಂಗೋಪಿ. ಪಾಠಕ್ಕೆ ಒಂದು ನಿಮಿಷ ತಡವಾಗಿ ಹೋದವರಲ್ಲ. ಮಕ್ಕಳು ಹೆದರುತ್ತಾರೆ, ಆದರೆ ಅವರ ತರಗತಿ ತಪ್ಪಿಸುವುದಿಲ್ಲ. ಪ್ರಶ್ನೆಪತ್ರಿಕೆಯನ್ನೂ ಮಾದರಿ ಉತ್ತರವನ್ನೂ ಅವರೇ ಸಿದ್ಧ ಮಾಡಿದ್ದರು.

ಮೇಲಿನ ಮಹಡಿಯ ಓದುವ ಕೋಣೆಯಲ್ಲಿ ತಿದ್ದುವ ಕೆಲಸ ನಡೆದಿತ್ತು. ಉದ್ದನೆಯ ಮೇಜು, ಒಂದು ಬದಿಗೆ ಪೂರ್ತಿ ಕಿಟಕಿ, ಇನ್ನೊಂದು ಗೋಡೆಗೆ ಬಿಳಿ ಹಲಗೆ. ಉತ್ತರಪತ್ರಿಕೆಗಳ ಮೇಲೆ ವಿದ್ಯಾರ್ಥಿಯ ನಂಬರು ಕಾಣದಂತೆ ಕಾಗದ ಅಂಟಿಸಿದ್ದರು. ಯಾರದು ಯಾವುದು ಎಂದು ತಿದ್ದುವವರಿಗೆ ಗೊತ್ತಾಗುವಂತಿಲ್ಲ. ಮೇಜಿನ ಆ ತುದಿಯಲ್ಲಿ ಇನ್ನಿಬ್ಬರು ಉಪನ್ಯಾಸಕರು ತಮ್ಮ ತಮ್ಮ ಕಟ್ಟುಗಳನ್ನು ತಿದ್ದುತ್ತಿದ್ದರು. ನನ್ನ ವಿದ್ಯಾರ್ಥಿನಿ ನನ್ನನ್ನು ಕಂಡು ಎದ್ದು ನಿಂತಳು. ಹತ್ತಿಯ ಸೀರೆ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಕಣ್ಣಿನಲ್ಲಿ ಮಾತ್ರ ಅದೇ ಮೂರನೇ ಬೆಂಚಿನ ಹುಡುಗಿ.

"ಮೇಡಂ, ಕೂಡ್ರಿ. ಫ್ಯಾನಿನ ಕೆಳಗ ಕೂಡ್ರಿ," ಎಂದಳು.

"ನೀನು ಕೂತುಕೋ ಮಾರಾಯ್ತಿ. ಇಲ್ಲಿ ನೀನು ಪರೀಕ್ಷಕಿ, ನಾನು ನಿನ್ನ ತಪ್ಪು ಹುಡುಕ್ಲಿಕ್ಕೆ ಬಂದವಳು," ಎಂದೆ. ನಕ್ಕಳು.

ಆ ದಿನದ ಪತ್ರಿಕೆಯ ಮೂರನೆಯ ಪ್ರಶ್ನೆ ಹೀಗಿತ್ತು: ದಸರಾ ಹಬ್ಬಕ್ಕೆ ಚೆಂಡುಹೂವಿಗೆ ಬೇಡಿಕೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಅಕಾಲದ ಮಳೆ ಬಂದು ಹೂವಿನ ಬೆಳೆ ಹಾಳಾಗುತ್ತದೆ. ಸಮತೋಲನದ ಬೆಲೆ ಮತ್ತು ಪ್ರಮಾಣ ಏನಾಗುತ್ತವೆ ಎಂದು ಚಿತ್ರ ಬರೆದು ವಿವರಿಸಿ. ಕಲ್ಯಾಣದ ಹೂವಿನ ಮಾರುಕಟ್ಟೆ ಪಕ್ಕದಲ್ಲೇ ಇರುವ ಮಕ್ಕಳಿಗೆ ಹೇಳಿ ಮಾಡಿಸಿದ ಪ್ರಶ್ನೆ. ನನಗೆ ಬಹಳ ಮೆಚ್ಚುಗೆಯಾಯಿತು.

ಪುಸ್ತಕದ ಚಿತ್ರ ಹೀಗಿರುತ್ತದೆ. ಕೆಳಗಿನ ಅಡ್ಡಗೆರೆಯ ಮೇಲೆ ಪ್ರಮಾಣ, ಎಡಕ್ಕೆ ನಿಂತ ಗೆರೆಯ ಮೇಲೆ ಬೆಲೆ. ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ, ಪೂರೈಕೆಯ ರೇಖೆ ಏರುತ್ತದೆ. ಅವೆರಡೂ ಕೂಡುವ ಜಾಗವೇ ಸಮತೋಲನ. ಹಬ್ಬದಿಂದ ಬೇಡಿಕೆ ಹೆಚ್ಚಿದರೆ ಬೇಡಿಕೆಯ ಇಡೀ ರೇಖೆ ಬಲಕ್ಕೆ ಸರಿಯುತ್ತದೆ. ಮಳೆಯಿಂದ ಪೂರೈಕೆ ಕುಸಿದರೆ ಪೂರೈಕೆಯ ರೇಖೆ ಎಡಕ್ಕೆ ಸರಿಯುತ್ತದೆ. ಹೊಸ ರೇಖೆಗಳು ಮೊದಲಿಗಿಂತ ಮೇಲೆ ಕೂಡುತ್ತವೆ, ಬೆಲೆ ಏರುತ್ತದೆ. ಮುಖ್ಯಸ್ಥರ ಮಾದರಿ ಉತ್ತರದಲ್ಲಿ ಎರಡೂ ರೇಖೆಗಳು ಸಮಸಮವಾಗಿ ಸರಿದಿದ್ದವು. ಕೆಳಗೆ, "ಬೆಲೆ ಏರುತ್ತದೆ, ಪ್ರಮಾಣ ಬದಲಾಗುವುದಿಲ್ಲ" ಎಂದಿತ್ತು. ಒಟ್ಟು ಹತ್ತು ಅಂಕ.

ಅವಳ ಕಟ್ಟಿನಿಂದ ಮೊದಲ ಕೆಲವು ಪತ್ರಿಕೆಗಳನ್ನು ನೋಡಿದೆ. ತಿದ್ದಿದ್ದು ನೋಡಿ ಮನಸ್ಸು ತುಂಬಿತು. ತಪ್ಪಿಗೆ ಬರೀ ಅಡ್ಡಗೀಟು ಹಾಕಿರಲಿಲ್ಲ. ಅಂಚಿನಲ್ಲಿ ಸಣ್ಣಗೆ, "ಬಾಣದ ಗುರುತಿಲ್ಲ", "ಹೊಸ ಸಮತೋಲನಕ್ಕೆ ಹೆಸರಿಲ್ಲ" ಎಂದು ಕಾರಣ ಬರೆದಿದ್ದಳು. ಅಷ್ಟರಲ್ಲಿ ಮುಖ್ಯಸ್ಥರು ಬಂದರು. ನನಗೆ ನಮಸ್ಕಾರ ಹೇಳಿ, ಅವಳ ಕಟ್ಟಿನಿಂದ ಒಂದು ಪತ್ರಿಕೆ ಎಳೆದು ಪುಟ ತಿರುಗಿಸಿದರು. ತಿರುಗಿಸುತ್ತಿದ್ದ ಕೈ ನಿಂತಿತು.

"ಅಹೋ ಮ್ಯಾಡಮ್, ಹೇ ಕಾಯ್? ಇದೇನಿದು? ಈ ಚಿತ್ರಕ್ಕೆ ಹತ್ತಕ್ಕೆ ಒಂಬತ್ತೇ?" ಎಂದು ಅವಳನ್ನು ಕೇಳಿದರು.

ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಟ್ಟಿದರು.

ನಾನೂ ಬಗ್ಗಿ ನೋಡಿದೆ. ಕೈಯಿಂದಲೇ ಬರೆದ ಚಿತ್ರ, ಸ್ಕೇಲು ಇಟ್ಟಿರಲಿಲ್ಲ. ಪೆನ್ಸಿಲಿನ ಗೆರೆ ಒತ್ತಿ ಒತ್ತಿ ಬರೆದದ್ದು, ಒಂದೆರಡು ಕಡೆ ಅಳಿಸಿ ಮತ್ತೆ ಬರೆದ ಕಲೆ. ಬೇಡಿಕೆಯ ರೇಖೆ ಬಲಕ್ಕೆ ಸರಿದಿತ್ತು, ಅದು ಸರಿ. ಆದರೆ ಪೂರೈಕೆಯ ರೇಖೆಯೂ ಬಲಕ್ಕೇ, ಕೆಳಕ್ಕೆ ಸರಿದಿತ್ತು. ಅದು ಪೂರೈಕೆ ಹೆಚ್ಚಾದಾಗಿನ ಚಿತ್ರ. ಮಳೆ ಬಂದು ಹೂವು ಕೊಳೆತರೆ ಪೂರೈಕೆ ಹೆಚ್ಚುವುದೆಂತು?

ಇವಳಿಗೆ ಈ ತಪ್ಪು ಕಾಣಲಿಲ್ಲವೆ? ಮೊದಲ ವರ್ಷ, ಮೊದಲ ಸಲ ತಿದ್ದುವುದು. ನಿದ್ದೆಗಣ್ಣಿನಲ್ಲಿ ಹಾಕಿಬಿಟ್ಟಳೆ?

"ಬರೆದದ್ದರಲ್ಲಿ ಪೂರೈಕೆ ಕಡಿಮೆಯಾಯಿತು ಅಂತಿದೆ, ಚಿತ್ರದಲ್ಲಿ ಹೆಚ್ಚಾಗಿದೆ," ಎಂದರು ಮುಖ್ಯಸ್ಥರು. "ಅಂದರೆ ಬಾಯಿಪಾಠ. ಅರ್ಥವಾಗದೆ ಬರೆದದ್ದು. ಮೇಲಾಗಿ ಕೊನೆಯಲ್ಲಿ, ಪ್ರಮಾಣ ಏನಾಗುತ್ತದೆ ಹೇಳಲಾಗುವುದಿಲ್ಲ ಅಂತ ಬೇರೆ. ಗೊತ್ತಿಲ್ಲದವರು ಹೇಳುವ ಮಾತು ಅದು. ಮೂರು ಕೊಡಿ, ಸಾಕು. ಮ್ಯಾಡಮ್, ನೀವೇನಂತೀರಿ?"

ಕೊನೆಯ ಪ್ರಶ್ನೆ ನನಗೆ. ಅವಳು ನನ್ನ ವಿದ್ಯಾರ್ಥಿನಿಯೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಪರವಾಗಿ ಮಾತಾಡಿದರೆ ಪಕ್ಷಪಾತವಾಗುತ್ತದೆ. ವಿರೋಧವಾಗಿ ಮಾತಾಡಲು ಅವಳ ಮಾತನ್ನಾದರೂ ಕೇಳಬೇಕು. "ಅಂಕ ಕೊಟ್ಟವರು ಅವರು. ಕಾರಣ ಮೊದಲು ಅವರೇ ಹೇಳಲಿ," ಎಂದೆ.

ಅವಳು ಎದ್ದಳು. ಬಲಗೈ ಬೆರಳುಗಳು ಸೀರೆಯ ಸೆರಗನ್ನು ಸುತ್ತಿಕೊಂಡದ್ದು ನನಗೆ ಮಾತ್ರ ಕಂಡಿತು.

"ಸರ್, ಗೆರೆಗಳನ್ನು ನೋಡುವ ಮೊದಲು ಅಕ್ಷಗಳ ಹೆಸರು ನೋಡಿ. ಕೆಳಗೆ ಏನು ಬರೆದಿದೆ?"

ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡರು. ನಾನೂ ನೋಡಿದೆ. ಅಡ್ಡಗೆರೆಯ ಬಲತುದಿಯಲ್ಲಿ ಸಣ್ಣದಾಗಿ ಇಂಗ್ಲಿಷಿನ 'ಪಿ'. ಬೆಲೆ. ನಿಂತ ಗೆರೆಯ ತಲೆಯ ಮೇಲೆ 'ಕ್ಯು'. ಪ್ರಮಾಣ.

ಮೂವತ್ತು ವರ್ಷದಿಂದ ನೋಡಿ ನೋಡಿ, ಆ ಎರಡು ಅಕ್ಷರಗಳನ್ನು ನಮ್ಮ ಕಣ್ಣು ಓದುವುದನ್ನೇ ಬಿಟ್ಟಿತ್ತು. ಬೆಲೆ ನಿಂತಿರುತ್ತದೆ ಎಂದುಕೊಂಡೇ ನಾವಿಬ್ಬರೂ ಚಿತ್ರ ನೋಡಿದ್ದೆವು. ಇಲ್ಲಿ ಬೆಲೆ ಮಲಗಿತ್ತು.

"ಬೆಲೆ ಅಡ್ಡಗೆರೆಯ ಮೇಲಿದೆ," ಎಂದು ಅವಳು ಮುಂದುವರಿಸಿದಳು. "ಯಾವುದೇ ಒಂದು ಬೆಲೆ ಹಿಡಿಯಿರಿ. ಅಲ್ಲಿಂದ ನೇರ ಮೇಲಕ್ಕೆ ಹೋಗಿ. ಹೊಸ ಪೂರೈಕೆ ರೇಖೆ ಹಳೆಯದಕ್ಕಿಂತ ಕೆಳಗೆ ಸಿಗುತ್ತದೆ. ಅಂದರೆ ಅದೇ ಬೆಲೆಗೆ ಮಾರುಕಟ್ಟೆಗೆ ಬರುವ ಹೂವು ಕಡಿಮೆ. ಪೂರೈಕೆ ಕುಸಿದಿದೆ, ಸರ್. ಹೆಚ್ಚಿಲ್ಲ. ಬೇಡಿಕೆ ರೇಖೆ ಮೇಲೆ ಹೋಗಿದೆ. ಅದೇ ಬೆಲೆಗೆ ಕೊಳ್ಳುವ ಹೂವು ಹೆಚ್ಚು. ಎರಡೂ ಸರಿ. ಹೊಸ ಸಮತೋಲನ ಬಲಕ್ಕೆ ಬಂದಿದೆ, ಬಲಕ್ಕೆ ಅಂದರೆ ಹೆಚ್ಚಿನ ಬೆಲೆ."

ಮುಖ್ಯಸ್ಥರು ಬೆರಳಿಟ್ಟು ಅವಳು ಹೇಳಿದ ಹಾಗೆ ಮೇಲಕ್ಕೆ ಹೋದರು. ಆಮೇಲೆ, "ಇರಬಹುದು," ಎಂದರು. "ಆದರೆ ಇದು ನಮ್ಮ ಶಾಸ್ತ್ರದ ಪದ್ಧತಿಯಲ್ಲ. ಜಗತ್ತೆಲ್ಲ ಬೆಲೆಯನ್ನು ನಿಂತ ಗೆರೆಯ ಮೇಲೆ ಬರೆಯುತ್ತದೆ. ಇದು ಉಲ್ಟಾ ಚಿತ್ರ."

"ಉಲ್ಟಾ ಅಲ್ಲ ಸರ್, ಅದೇ ಚಿತ್ರ. ತೋರಿಸಲೇ?"

ಅವಳು ಪತ್ರಿಕೆಯನ್ನು ಎತ್ತಿಕೊಂಡು ಕಿಟಕಿಗೆ ಹೋದಳು. ಆ ಹಾಳೆಯ ಹಿಂಬದಿ ಖಾಲಿಯಿತ್ತು; ಉತ್ತರದ ಮುಂದಿನ ಭಾಗವನ್ನು ವಿದ್ಯಾರ್ಥಿ ಹೊಸ ಹಾಳೆಯಿಂದ ಶುರು ಮಾಡಿದ್ದ, ಅಥವಾ ಮಾಡಿದ್ದಳು. ಉಳಿದ ಹಾಳೆಗಳನ್ನು ಜೋಪಾನವಾಗಿ ಹಿಂದಕ್ಕೆ ಸರಿಸಿ, ಆ ಒಂದೇ ಹಾಳೆಯನ್ನು ಮಗ್ಗುಲು ಬದಲಿಸಿ, ಚಿತ್ರವಿರುವ ಬದಿ ಹೊರಗೆ, ಖಾಲಿ ಬದಿ ನಮ್ಮ ಕಡೆಗೆ ಬರುವಂತೆ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹೊರಗೆ ಒಳ್ಳೆಯ ಬಿಸಿಲು. ಒತ್ತಿ ಬರೆದ ಪೆನ್ಸಿಲಿನ ಗೆರೆಗಳು ಕಾಗದದೊಳಗಿಂದ ತಿಳಿಯಾಗಿ ಮೂಡಿದವು.

"ಈಗ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕಾಲು ಸುತ್ತು," ಎಂದು ಹಾಳೆಯನ್ನು ಮೆಲ್ಲಗೆ ತಿರುಗಿಸಿದಳು.

ಬೆಲೆಯ ಗೆರೆ ಎದ್ದು ನಿಂತಿತು. ಪ್ರಮಾಣದ ಗೆರೆ ಮಲಗಿತು. ಬೇಡಿಕೆಯ ರೇಖೆ ಬಲಕ್ಕೆ ಸರಿದಿತ್ತು, ಪೂರೈಕೆಯ ರೇಖೆ ಎಡಕ್ಕೆ. ಅಕ್ಷರಗಳು ತಿರುಗುಮುರುಗಾಗಿದ್ದವು ಅಷ್ಟೇ. ಉಳಿದಂತೆ ಅದು ಪುಸ್ತಕದಲ್ಲಿರುವ ಚಿತ್ರವೇ.

ಮೇಜಿನ ಆ ತುದಿಯ ಇಬ್ಬರೂ ಕೆಂಪು ಪೆನ್ನು ಕೆಳಗಿಟ್ಟು ಎದ್ದು ಬಂದಿದ್ದರು. "ಅರೇ ವಾ!" ಎಂದರು ಅವರಲ್ಲೊಬ್ಬರು. ಮುಖ್ಯಸ್ಥರು ಕಿಟಕಿಗೆ ಮುಖವಿಟ್ಟು ನೋಡಿದರು. ಮತ್ತೊಮ್ಮೆ ತಿರುಗಿಸಲು ಹೇಳಿದರು. ಅವಳು ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಿರುಗಿಸಿದಳು.

ಅಷ್ಟು ವರ್ಷ ಆ ಚಿತ್ರವನ್ನು ಕಲಿಸಿದ ನನಗೆ ಹೀಗೊಂದು ದಾರಿ ಎಂದೂ ಹೊಳೆದಿರಲಿಲ್ಲ. ನನಗೆ ಆ ಗಳಿಗೆಯಲ್ಲಿ ಏನಾಯಿತೆಂದು ಸರಿಯಾಗಿ ಹೇಳಲಾರೆ. ನನ್ನ ಸ್ವಂತ ಮಗಳು ಡಿಗ್ರಿ ಪಡೆದ ದಿನವೂ ನಾನು ಕಣ್ಣೊರೆಸಿಕೊಂಡವಳಲ್ಲ. ಅಲ್ಲಿ ಕನ್ನಡಕ ತೆಗೆದು ಒರೆಸುವ ನೆಪ ಮಾಡಿದೆ.

ಆದರೆ ಮುಖ್ಯಸ್ಥರು ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಕುರ್ಚಿಯಲ್ಲಿ ಕೂತು, "ಸರಿ, ಚಿತ್ರ ಬಿಡೋಣ. ಪ್ರಮಾಣ ಹೇಳಲಾಗುವುದಿಲ್ಲ ಅಂತ ಬರೆದದ್ದಕ್ಕೆ ಏನು ಹೇಳುತ್ತೀರಿ? ನನ್ನ ಮಾದರಿ ಉತ್ತರದಲ್ಲಿ ಪ್ರಮಾಣ ಬದಲಾಗುವುದಿಲ್ಲ," ಎಂದರು.

ಮುಂದಿನ ವರ್ಷದ ಸಂದರ್ಶನದಲ್ಲಿ ಇದೇ ಮನುಷ್ಯ ಅವಳ ಎದುರು ಕೂತಿರುತ್ತಾರೆ. ಅದು ನನ್ನ ತಲೆಯಲ್ಲಿ ಓಡುತ್ತಿತ್ತು; ಅವಳ ತಲೆಯಲ್ಲೂ ಓಡಿರಲೇಬೇಕು. ಅವಳು ಪತ್ರಿಕೆಯನ್ನು ಮೇಜಿಗೆ ತಂದಿಟ್ಟು, ಪುಟ ಮಗುಚಿದಳು.

"ಈ ವಿದ್ಯಾರ್ಥಿ ಎರಡು ಚಿತ್ರ ಬರೆದಿದ್ದಾರೆ ಸರ್. ಮೊದಲನೆಯದರಲ್ಲಿ ಪೂರೈಕೆ ಬಹಳ ಕುಸಿದಿದೆ, ಬೇಡಿಕೆ ಸ್ವಲ್ಪ ಏರಿದೆ. ಅಲ್ಲಿ ಪ್ರಮಾಣ ಕಡಿಮೆಯಾಗಿದೆ. ಇಲ್ಲಿ ಎರಡನೆಯದರಲ್ಲಿ ಬೇಡಿಕೆ ಬಹಳ ಏರಿದೆ, ಪೂರೈಕೆ ಸ್ವಲ್ಪ ಕುಸಿದಿದೆ. ಪ್ರಮಾಣ ಹೆಚ್ಚಾಗಿದೆ. ಎರಡರಲ್ಲೂ ಬೆಲೆ ಮಾತ್ರ ಏರಿಯೇ ಇದೆ. ಆದ್ದರಿಂದ ಬೆಲೆ ಏರುವುದು ಖಂಡಿತ, ಪ್ರಮಾಣ ಏನಾಗುತ್ತದೆನ್ನುವುದು ಯಾವ ರೇಖೆ ಎಷ್ಟು ಸರಿಯಿತು ಅನ್ನುವುದರ ಮೇಲೆ ಹೋಗುತ್ತದೆ ಅಂತ ಬರೆದಿದ್ದಾರೆ. ನಿಮ್ಮ ಉತ್ತರವೂ ಸರಿಯೇ. ಎರಡೂ ಸಮಸಮ ಸರಿದರೆ ಪ್ರಮಾಣ ಬದಲಾಗುವುದಿಲ್ಲ. ಆದರೆ ಎಷ್ಟು ಮಳೆ, ಎಷ್ಟು ಹಬ್ಬ ಅಂತ ಪ್ರಶ್ನೆಯಲ್ಲಿ ನಾವು ಹೇಳಿಲ್ಲ."

'ನಿಮ್ಮ ಪ್ರಶ್ನೆಯಲ್ಲಿ' ಎನ್ನದೆ 'ನಾವು ಹೇಳಿಲ್ಲ' ಎಂದಳು. ಅದು ನನ್ನ ಕಿವಿಗೆ ಬಿತ್ತು. ಅವರ ಕಿವಿಗೂ ಬಿದ್ದಿರಬೇಕು.

ಮುಖ್ಯಸ್ಥರು ಬಿಳಿ ಹಲಗೆಯ ಹತ್ತಿರ ಹೋದರು. ಪೆನ್ನು ತೆಗೆದು ತಾವೇ ಬರೆದರು. ಪೂರೈಕೆಯನ್ನು ದೂರ ಎಳೆದು ಒಂದು, ಬೇಡಿಕೆಯನ್ನು ದೂರ ಎಳೆದು ಒಂದು. ಚುಕ್ಕೆಗೆರೆಗಳನ್ನು ಕೆಳಗಿಳಿಸಿದರು. ಒಂದರಲ್ಲಿ ಪ್ರಮಾಣ ಎಡಕ್ಕೆ ಬಂತು, ಇನ್ನೊಂದರಲ್ಲಿ ಬಲಕ್ಕೆ ಹೋಯಿತು. ಅವರಿಗೆ ತಿಳಿಯದ ವಿಷಯವೇನಲ್ಲ ಅದು. ಅವಸರದಲ್ಲಿ ಮಾದರಿ ಉತ್ತರ ಬರೆಯುವಾಗ ಕೈ ಸಹಜವಾಗಿ ಎರಡನ್ನೂ ಒಂದೇ ಅಂತರಕ್ಕೆ ಎಳೆದುಬಿಟ್ಟಿತ್ತು. ಯಾರ ಕೈಯಾದರೂ ಹಾಗೆಯೇ ಎಳೆಯುತ್ತದೆ.

ಹಲಗೆಗೆ ಬೆನ್ನು ಮಾಡಿ ತಿರುಗಿದರು. "ಬರೋಬರ್ ಆಹೇ," ಎಂದರು. ಸರಿಯಿದೆ. ಪೆನ್ನಿನ ಮುಚ್ಚಳ ಹಾಕುತ್ತಾ, "ಹಾಗಾದರೆ ಆ ಒಂದು ಅಂಕ ಯಾಕೆ ಕಡಿದಿರಿ? ಪದ್ಧತಿ ಬಿಟ್ಟದ್ದಕ್ಕಾ?"

"ಅಲ್ಲ ಸರ್. ಎರಡನೇ ಚಿತ್ರದಲ್ಲಿ ಹೊಸ ಸಮತೋಲನಕ್ಕೆ ಹೆಸರು ಕೊಟ್ಟಿಲ್ಲ, ಚುಕ್ಕೆಗೆರೆ ಅಕ್ಷದವರೆಗೆ ಬಂದಿಲ್ಲ. ಅದಕ್ಕೆ ಎಲ್ಲರಿಗೂ ಒಂದು ಅಂಕ ಕಡಿದಿದ್ದೇನೆ. ಇವರಿಗೂ ಕಡಿದೆ."

ಆಗ ಮುಖ್ಯಸ್ಥರು ನಕ್ಕರು. ಅವರು ನಗುವುದನ್ನು ನಾನು ಹಿಂದೆ ಕಂಡದ್ದು ಅಪರೂಪ. ನನ್ನ ಕಡೆ ತಿರುಗಿ, "ಮ್ಯಾಡಮ್, ಈಗಲಾದರೂ ಹೇಳಿ. ಮಾಡರೇಟರ್ ಏನಂತಾರೆ?" ಎಂದರು.

"ಒಂಬತ್ತು. ನಾನು ತಿದ್ದಿದ್ದರೂ ಒಂಬತ್ತೇ ಕೊಡುತ್ತಿದ್ದೆ," ಎಂದು ಸಹಿ ಹಾಕಿದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು. 'ಪ್ರಮಾಣ ಹೇಳಲಾಗುವುದಿಲ್ಲ' ಎಂದು ಬರೆದ ಬೇರೆ ಮಕ್ಕಳೂ ಇರಬಹುದಲ್ಲ, ಅವರ ಅಂಕ ಹೋಗಿರಬಹುದಲ್ಲ ಎಂದು ಮುಖ್ಯಸ್ಥರೇ ಮೊದಲು ಹೇಳಿದರು. ಮೇಜಿನ ಆ ತುದಿಯ ಇಬ್ಬರ ಮುಖ ಇಳಿಯಿತು. ಅವರ ಕಟ್ಟುಗಳು ಹೆಚ್ಚುಕಡಿಮೆ ಮುಗಿದಿದ್ದವು, ಮತ್ತೆ ಬಿಚ್ಚಬೇಕು. "ಸರ್, ಮಾದರಿ ಉತ್ತರದ ಹಾಗೇ ಬರೆದವರಿಗೆ ಏನು ಮಾಡೋಣ?" ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮುಖ್ಯಸ್ಥರು ನನ್ನ ವಿದ್ಯಾರ್ಥಿನಿಯ ಕಡೆ ನೋಡಿದರು. ಅವಳು ಯೋಚಿಸಿ ಹೇಳಿದಳು:

"ಅವರ ಅಂಕ ಮುಟ್ಟಬಾರದು ಸರ್. ನಾವು ತರಗತಿಯಲ್ಲಿ ತೋರಿಸಿದ್ದನ್ನೇ ಅವರು ಬರೆದಿದ್ದಾರೆ, ಚಿತ್ರದಲ್ಲೂ ಸಮನಾಗಿಯೇ ಸರಿಸಿದ್ದಾರೆ. ಕಾರಣ ಕೊಟ್ಟು ಬೇರೆ ಹೇಳಿದವರಿಗೂ ಪೂರ್ತಿ ಅಂಕ ಸಿಗಲಿ, ಅಷ್ಟೇ."

ಮುಖ್ಯಸ್ಥರು ಮಾದರಿ ಉತ್ತರದ ಕೆಳಗೆ ಎರಡು ಸಾಲು ಸೇರಿಸಿ ಬರೆದರು. ಅಕ್ಷಗಳಿಗೆ ಹೆಸರಿದ್ದು ಚಿತ್ರ ಅದಕ್ಕೆ ಹೊಂದುತ್ತಿದ್ದರೆ ಬೆಲೆ ಯಾವ ಅಕ್ಷದ ಮೇಲಿದ್ದರೂ ಒಪ್ಪಬೇಕು. ಪ್ರಮಾಣ ನಿರ್ದಿಷ್ಟವಲ್ಲವೆಂದು ಕಾರಣ ಸಹಿತ ಬರೆದರೆ ಪೂರ್ತಿ ಅಂಕ. ಬರೆದು ಸಹಿ ಮಾಡಿ ಎಲ್ಲರಿಗೂ ಓದಿ ಹೇಳಿದರು. ತಮ್ಮ ಉತ್ತರವನ್ನು ತಾವೇ ಎಲ್ಲರ ಎದುರು ತಿದ್ದಿಕೊಳ್ಳುವುದು ಅವರ ವಯಸ್ಸಿಗೆ, ಅವರ ಸ್ಥಾನಕ್ಕೆ ಸುಲಭವಲ್ಲ. ಆ ಮನುಷ್ಯನ ಮೇಲೆ ನನಗೆ ಅವತ್ತು ಗೌರವ ಹೆಚ್ಚಿತು.

ಚಹಾ ಬಂತು, ವಡಾಪಾವ್ ಬಂತು. ಎಲ್ಲರೂ ಮತ್ತೆ ಕಟ್ಟು ಬಿಚ್ಚಿದೆವು. ಹುಡುಕುತ್ತಾ ಹೋದಂತೆ ಇನ್ನೂ ಕೆಲವು ಮಕ್ಕಳು ಸಿಕ್ಕರು. ಒಬ್ಬರು ಚಿತ್ರ ಒಂದೇ ಬರೆದು, "ಇದು ಮಳೆ ಎಷ್ಟು ಬಂತು ಅನ್ನುವುದರ ಮೇಲೆ ಅವಲಂಬಿಸಿದೆ" ಎಂದಿದ್ದರು. ಇನ್ನೊಬ್ಬರು, "ಹೂವು ಕಡಿಮೆ ಬಂದರೂ ಜನ ಹಬ್ಬಕ್ಕೆ ಕೊಂಡೇ ಕೊಳ್ಳುತ್ತಾರೆ, ಆದ್ದರಿಂದ ಪ್ರಮಾಣ ಹೆಚ್ಚಾಗಲೂಬಹುದು" ಎಂದು ಶುರುಮಾಡಿ, ಎಲ್ಲಿಗೆ ಮುಟ್ಟಬೇಕೆಂದು ತಿಳಿಯದೆ ನಡುವೆಯೇ ಬಿಟ್ಟಿದ್ದರು. ಅವರಿಗೆ ಎಷ್ಟು ಕೊಡಬೇಕೆಂದು ನಾವು ಬಹಳ ಹೊತ್ತು ಮಾತಾಡಿದೆವು. ಗೊಣಗುತ್ತಾ ಶುರು ಮಾಡಿದ ಆ ಇಬ್ಬರೂ ಕೊನೆಕೊನೆಗೆ, "ಹೇ ಬಘಾ, ನೋಡಿ, ಇಲ್ಲೊಬ್ಬ ಸಿಕ್ಕ!" ಎಂದು ಕೂಗಿ ಪತ್ರಿಕೆ ಎತ್ತಿ ತೋರಿಸತೊಡಗಿದ್ದರು.

ಸಂಜೆ ಸ್ಟೇಷನ್ನಿಗೆ ನಾನೂ ಅವಳೂ ಒಟ್ಟಿಗೆ ನಡೆದೆವು. ಅವಳು ಠಾಣೆಯಲ್ಲಿ ಇಳಿದು ಘಣಸೋಲಿಯ ಗಾಡಿ ಹಿಡಿಯಬೇಕು. ಮುಂಬಯಿಯ ಕಡೆಗೆ ಹೋಗುವ ಗಾಡಿ ಆ ಹೊತ್ತಿಗೆ ಖಾಲಿ. ಇಬ್ಬರೂ ಎದುರುಬದುರು ಕೂತೆವು.

"ಹೆದರಿಕೆ ಆಗ್ಲಿಲ್ವಾ ನಿಂಗೆ?" ಎಂದು ಕೇಳಿದೆ.

"ಆತ್ರಿ ಮೇಡಂ," ಎಂದಳು. "ಮದಲ ನಾನೂ ಮೂರು ಹಾಕಿದ್ದೆ. ಮುಂದಿನ ಪೇಪರ್ ತಗೊಂಡ್ ಮ್ಯಾಲ ಮನಸಿಗೆ ಏನೋ ಕಿರಿಕಿರಿ. ಬರದದ್ದು ಅಷ್ಟ್ ಚಂದ ಐತಿ, ಚಿತ್ರ ಯಾಕ ಹಿಂಗ್ ಅಂತ. ವಾಪಸ್ ತಗದ್ ನೋಡಿದೆ. ಆಗ ಕಾಣಿಸ್ತು."

"ಯಾಕೆ ಹಾಗೆ ಬರೆದಿರಬಹುದು ಆ ಮಗು?"

"ಸೈನ್ಸ್ ಓದಿ ಬಂದಿರಬೇಕ್ರಿ. ಅಲ್ಲಿ ಕಾರಣ ಯಾವುದೋ ಅದನ್ನ ಕೆಳಗ ಬರೀತಾರ. ಬೆಲಿ ಬದಲಾದ್ರ ಪ್ರಮಾಣ ಬದಲಾಗ್ತದ ಅಂತ ನಾವ ಕಲಸ್ತೀವಿ. ಮತ್ತ ಬೆಲಿನ ಕೆಳಗ ಬರಿಯೂದು ಅವರ ಲೆಕ್ಕಕ್ಕ ಬರೋಬರಿನ. ನಾನೂ ನಿಮಗ ಒಮ್ಮೆ ಕೇಳಿದ್ನಲ್ರಿ, ಬೆಲಿನ ಯಾಕ ನಿಂದ್ರಸ್ತಾರ ಅಂತ. ಹಿಂದೊಬ್ಬರು ಹಾಂಗ ಬರದ್ರು, ಎಲ್ಲಾರೂ ಅದನ್ನ ರೂಢಿ ಮಾಡಕೊಂಡ್ರು, ಅದು ರೂಢಿ ಅಷ್ಟ, ನಿಯಮ ಅಲ್ಲ ಅಂತ ನೀವ ಹೇಳಿದ್ರಿ."

ನಾನು ಹಾಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ದಿನಕ್ಕೆ ನೂರು ಮಾತು ಆಡುತ್ತೇವೆ. ಯಾವುದು ಯಾರ ಹತ್ತಿರ ಉಳಿಯುತ್ತದೆ ಎಂದು ನಮಗೇನು ಗೊತ್ತು? ಅವಳು ಅದನ್ನು ಇಷ್ಟು ವರ್ಷ ಇಟ್ಟುಕೊಂಡು, ಬೇಕಾದಾಗ ಬೇರೆ ಯಾರಿಗೋ ಖರ್ಚು ಮಾಡಿದ್ದಳು. ಠಾಣೆ ಬಂತು. ಇಳಿಯುವಾಗ ಅವಳ ಬೆನ್ನ ಮೇಲೆ ಕೈಯಿಟ್ಟು, "ಮನೆಗೆ ಹೋಗಿ ಅಪ್ಪನಿಗೆ ಹೇಳು, ಇವತ್ತು ನಿಮ್ಮ ಮಗಳು ಒಳ್ಳೆ ಕೆಲಸ ಮಾಡಿದ್ಲು ಅಂತ ಮೇಡಂ ಹೇಳಿದ್ರು ಅಂತ ಹೇಳು," ಎಂದೆ.

"ಅಪ್ಪ ಏನ್ ಕೆಲಸ ಅಂತ ಕೇಳ್ತಾನ್ರಿ. ಎಲ್ಲಾ ಬರದ್ ತೋರಸಬೇಕಾಗ್ತದ," ಎಂದು ನಕ್ಕು, ಜನರ ನಡುವೆ ಘಣಸೋಲಿಗೆ ಹೋಗುವ ಟ್ರಾನ್ಸ್ ಹಾರ್ಬರ್ ಗಾಡಿಯ ಪ್ಲಾಟ್‌ಫಾರ್ಮಿನ ಕಡೆ ಹೋದಳು.

ಮನೆಗೆ ಬಂದು ನನ್ನವರಿಗೆ ತುಳುವಿನಲ್ಲಿ ಎಲ್ಲ ಹೇಳಿದೆ. ಅವರು ಹೋಟೆಲಿನಿಂದ ಆಗಷ್ಟೇ ಬಂದು ಕಾಲು ಚಾಚಿದ್ದರು. ಅರ್ಥಶಾಸ್ತ್ರ ಅವರಿಗೆ ಬೇಡ. ಆದರೆ ಕಾಗದವನ್ನು ಕಿಟಕಿಗೆ ಹಿಡಿದು ತಿರುಗಿಸಿದ ಭಾಗ ಬಂದಾಗ ಎದ್ದು ಕೂತು, ಅದನ್ನು ಮಾಡಿ ತೋರಿಸು ಎಂದರು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಚಿತ್ರ ಬರೆದು ಟ್ಯೂಬ್‌ಲೈಟಿಗೆ ಹಿಡಿದೆ. ಹಾಳೆಯ ಇನ್ನೊಂದು ಬದಿಯ ತಾರೀಖುಗಳೂ ಹಬ್ಬಗಳೂ ಸೇರಿ ಎಲ್ಲ ಕಲಸಿಹೋಯಿತು. ಅವಳಷ್ಟು ಚಂದಕ್ಕೆ ನನಗೆ ಬರಲಿಲ್ಲ.

ಎರಡನೆಯ ಸೆಮಿಸ್ಟರಿನಲ್ಲಿ ಒಂದು ದಿನ ಆ ಮುಖ್ಯಸ್ಥರಿಂದ ಫೋನು ಬಂತು. ಮೊದಲ ವರ್ಷದವರಿಗೆ ಅವಳ ಪಾಠವಿದೆ, ಬಿಡುವಿದ್ದರೆ ಬನ್ನಿ ಎಂದರು. ಹೋದೆ. ಹಿಂದಿನ ಬೆಂಚಿನಲ್ಲಿ ನಾನೂ ಅವರೂ ಕೂತೆವು. ತರಗತಿ ತುಂಬಿತ್ತು. ಅವಳು ಇಂಗ್ಲಿಷಿನಲ್ಲಿ ಶುರು ಮಾಡುತ್ತಾಳೆ, ಹಿಂದಿಗೆ ಹೊರಳುತ್ತಾಳೆ, ಮರಾಠಿಯಲ್ಲಿ ಮುಗಿಸುತ್ತಾಳೆ. ಯಾವ ಮಗುವೂ ಹಿಂದೆ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಬೆಲೆಯನ್ನು ಕೆಳಗೆ ಬರೆದವರು ಯಾರಾದರೂ ಇದ್ದೀರಾ, ಬೈಯುವುದಿಲ್ಲ ಎಂದು ಕೇಳಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಡುವಿನ ಸಾಲಿನಿಂದ ಒಬ್ಬ ಹುಡುಗಿ ಅರ್ಧ ಕೈ ಎತ್ತಿದಳು. ಹನ್ನೆರಡನೆಯ ತರಗತಿಯವರೆಗೆ ವಿಜ್ಞಾನ ಓದಿ ಬಂದವಳಂತೆ.

"ಬಾ, ಹಾಗೆ ಯಾಕೆ ಬರೆದೆ ಅಂತ ಎಲ್ಲರಿಗೂ ಹೇಳು," ಎಂದು ಆ ಹುಡುಗಿಯ ಕೈಗೆ ಪೆನ್ನು ಕೊಟ್ಟು, ತಾನು ಹಲಗೆಯ ಪಕ್ಕಕ್ಕೆ ಸರಿದು ನಿಂತಳು.

ಹುಡುಗಿ ಮೊದಲು ತೊದಲಿದಳು, ಆಮೇಲೆ ದನಿ ಬಂತು. ಮುಖ್ಯಸ್ಥರು ನನ್ನ ಕಡೆ ಬಾಗಿ ಮೆಲ್ಲಗೆ, "ತುಮಚೀ ವಿದ್ಯಾರ್ಥಿನೀ," ಎಂದರು. ನಿಮ್ಮ ವಿದ್ಯಾರ್ಥಿನಿ. ಹಲಗೆಯ ಹತ್ತಿರ ಇಬ್ಬರಿದ್ದರು. ಯಾರನ್ನು ತೋರಿಸಿ ಹೇಳಿದರೆಂದು ನಾನು ಕೇಳಲಿಲ್ಲ, ಹೌದೆಂದು ತಲೆಯಾಡಿಸಿದೆ.